ಪೊಟ್ಟಣದಲ್ಲಿ ಜೀವ ಎಷ್ಟು ಉಳಿದಿದೆ?

ರಾಜಘಟ್ಟ ಎಂದರೆ ಇತಿಹಾಸದವರಿಗೆ ನೆನಪಾಗುವುದು ಅಲ್ಲಿ ಅಗೆತದಲ್ಲಿ ಸಿಕ್ಕ ಬೌದ್ಧ ಚೈತ್ಯ, ವಿಹಾರ. ಊರಿನವರಿಗೆ ಅದು ಕೆಂಪು ಮಣ್ಣು, ರಾಗಿ, ಅವರೆ. ಮುಂಗಾರು ಹದ ಕೊಟ್ಟು ಕೂರಿಗೆ ಹೂಡುವ ಹೊತ್ತಿಗೆ ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಯೂರಿಯಾ, ಡಿಎಪಿ ಮೂಟೆಗಳ ಜೊತೆ ಈಗೀಗ ಕಪ್ಪು ಪುಡಿಯ ಪೊಟ್ಟಣಗಳೂ ಬರುತ್ತವೆ. ಒಂದರ ಮೇಲೆ ಅಜೋಟೊಬ್ಯಾಕ್ಟರ್ ಎಂದಿರುತ್ತದೆ, ಇನ್ನೊಂದರ ಮೇಲೆ ಪಿಎಸ್‌ಬಿ. ಪಿಎಸ್‌ಬಿ ಎಂದರೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಎರಡನ್ನೂ ಸೇರಿಸಿ ಜೀವಾಣು ಗೊಬ್ಬರ ಎನ್ನುತ್ತೇವೆ.

ಗೊಬ್ಬರ ಎಂಬ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಯೂರಿಯಾವನ್ನು ಒದ್ದೆಯಾಗದಂತೆ ಇಟ್ಟರೆ ಎರಡು ವರ್ಷ ಕಳೆದರೂ ಅದು ಯೂರಿಯಾವೇ. ಈ ಪೊಟ್ಟಣದಲ್ಲಿರುವುದು ಜೀವ. ಪುಡಿ ಅದನ್ನು ಹೊರುವ ವಾಹನ ಅಷ್ಟೇ, ಹೆಚ್ಚಾಗಿ ಲಿಗ್ನೈಟ್, ಪೀಟ್ ಅಥವಾ ಇದ್ದಿಲು. ಜೀವ ಹೋದ ಮೇಲೆ ಉಳಿಯುವುದು ಬರೀ ಕಪ್ಪು ಪುಡಿ, ನೋಡಲು ಮಾತ್ರ ಮೊದಲಿನ ಹಾಗೆಯೇ ಇರುತ್ತದೆ. ಹಾಗಾಗಿ ಈ ಗೊಬ್ಬರದ ವಿಚಾರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ಬೀಜಕ್ಕೆ ಹಚ್ಚುವ ದಿನ ಒಂದು ಗ್ರಾಂನಲ್ಲಿ ಎಷ್ಟು ಜೀವಕೋಶ ಉಳಿದಿವೆ?

ಕಾನೂನು ಇದಕ್ಕೊಂದು ಗೆರೆ ಎಳೆದಿದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ 2006ರಲ್ಲಿ ಜೀವಾಣು ಗೊಬ್ಬರಗಳನ್ನೂ ಸೇರಿಸಿದರು. ಅದರ ಪ್ರಕಾರ ಅಜೋಟೊಬ್ಯಾಕ್ಟರ್ ಇರಲಿ, ಪಿಎಸ್‌ಬಿ ಇರಲಿ, ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕು. ದ್ರವ ರೂಪದ್ದಾದರೆ ಒಂದು ಮಿಲಿಲೀಟರ್‌ಗೆ 10 ಕೋಟಿ.

ಐದು ಕೋಟಿ ಎಂದರೆ ದೊಡ್ಡ ಸಂಖ್ಯೆಯೇ ಅನ್ನಿಸುತ್ತದೆ. ರಾಗಿ ಹೊಲಕ್ಕೆ ತಂದು ನೋಡೋಣ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ ಸುಮಾರು 5 ಕೆಜಿ ಬೀಜ ಬೇಕು. ಸಾವಿರ ರಾಗಿ ಕಾಳು ಮೂರು ಗ್ರಾಂ ಕೂಡ ತೂಗುವುದಿಲ್ಲ, ಹಾಗಾಗಿ 5 ಕೆಜಿಯಲ್ಲಿ ಹೆಚ್ಚುಕಡಿಮೆ 18 ಲಕ್ಷ ಕಾಳು. ಕೆಜಿ ಬೀಜಕ್ಕೆ 25 ಗ್ರಾಂ ಲೆಕ್ಕದಲ್ಲಿ 125 ಗ್ರಾಂ ಪುಡಿ ಹಚ್ಚುತ್ತೇವೆ. ಪೊಟ್ಟಣ ಗೆರೆಯ ಮೇಲಿದ್ದರೆ ಒಟ್ಟು 625 ಕೋಟಿ ಜೀವಕೋಶ, ಕಾಳೊಂದಕ್ಕೆ ಸುಮಾರು ಮೂರೂವರೆ ಸಾವಿರ. ಹಚ್ಚುವಾಗ ಉದುರುವುದು, ಒಣಗಿ ಸಾಯುವುದು ಎಲ್ಲ ಕಳೆದರೂ ಸಾವಿರವಾದರೂ ಬೇರಿನ ಬಳಿ ಇಳಿದಾವು. ಈಗ ಅದೇ ಪೊಟ್ಟಣ ಎರಡು ತಿಂಗಳು ತಗಡಿನ ಸೂರಿನ ಕೆಳಗೆ ಬಿದ್ದಿತ್ತು, ಗ್ರಾಂಗೆ ಒಂದು ಲಕ್ಷ ಮಾತ್ರ ಉಳಿದಿವೆ ಎಂದುಕೊಳ್ಳಿ. ಕಾಳೊಂದಕ್ಕೆ ಏಳು! ಮಣ್ಣಿನಲ್ಲಿ ಮೊದಲೇ ಇರುವ ಬ್ಯಾಕ್ಟೀರಿಯಾ ಗ್ರಾಂಗೆ ಕೋಟಿಗಳ ಲೆಕ್ಕದಲ್ಲಿವೆ. ಆ ಸಂತೆಯಲ್ಲಿ ಏಳು ಜನರ ದನಿ ಯಾರಿಗೆ ಕೇಳಿಸೀತು?

ಈ ಜೀವಿಗಳು ಮಾಡುವ ಕೆಲಸಕ್ಕೆ ಬರೋಣ.

ಅಜೋಟೊಬ್ಯಾಕ್ಟರನ್ನು 1901ರಲ್ಲಿ ಹಾಲೆಂಡಿನ ಬೈಯರಿಂಕ್ ಗುರುತಿಸಿದ. ಅವರೆ, ಹುರುಳಿ ಬೇರಿನ ಗಂಟಿನಲ್ಲಿ ಮನೆ ಮಾಡುವ ರೈಜೋಬಿಯಂನಂತೆ ಇದು ಗಿಡದೊಳಗೆ ಸೇರುವುದಿಲ್ಲ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುತ್ತದೆ. ಗಾಳಿಯ ಸಾರಜನಕವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ನೂರಾರು ಡಿಗ್ರಿ ಶಾಖವೂ ಭಾರಿ ಒತ್ತಡವೂ ಬೇಕು. ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ಎಂಬ ಕಿಣ್ವದ ಬಲದಿಂದ ಹೊಲದ ಮಾಮೂಲಿ ಬಿಸುಪಿನಲ್ಲೇ ಮಾಡಿ ಮುಗಿಸುತ್ತದೆ. ತೊಡಕು ಏನೆಂದರೆ ಆ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ, ಅಜೋಟೊಬ್ಯಾಕ್ಟರ್‌ಗೋ ಆಮ್ಲಜನಕವಿಲ್ಲದೆ ಉಸಿರಾಟವಿಲ್ಲ. ಅದು ಕಂಡುಕೊಂಡ ಉಪಾಯ ದುಬಾರಿ. ಒಳಗೆ ಬರುವ ಆಮ್ಲಜನಕ ಕಿಣ್ವವನ್ನು ಮುಟ್ಟುವ ಮೊದಲೇ ಖರ್ಚಾಗಿಹೋಗುವಂತೆ ಬಾಗಿಲಲ್ಲೇ ಒಲೆ ಹೊತ್ತಿಸಿ ಸಕ್ಕರೆ ಸುಡುತ್ತಲೇ ಇರುತ್ತದೆ.

ಎಷ್ಟು ಸಕ್ಕರೆ? ಅದೂ ನಿಯಂತ್ರಣ ಆದೇಶದಲ್ಲೇ ಇದೆ. ತಳಿಯೊಂದು ಒಂದು ಗ್ರಾಂ ಸಕ್ಕರೆ ಸುಟ್ಟರೆ ಕನಿಷ್ಠ 10 ಮಿಲಿಗ್ರಾಂ ಸಾರಜನಕ ಹಿಡಿಯಬೇಕು. ಕರಪತ್ರಗಳಲ್ಲಿ ಅಜೋಟೊಬ್ಯಾಕ್ಟರ್ ಹೆಕ್ಟೇರಿಗೆ 20 ಕೆಜಿ ಸಾರಜನಕ ಕೊಡುತ್ತದೆ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಎಕರೆಗೆ 8 ಕೆಜಿ ಆಯಿತು. 10 ಮಿಲಿಗ್ರಾಂ ಲೆಕ್ಕದಲ್ಲಿ 8 ಕೆಜಿ ಹಿಡಿಯಲು 800 ಕೆಜಿ ಸಕ್ಕರೆ ಬೇಕು, ಐವತ್ತು ಕೆಜಿಯ ಹದಿನಾರು ಮೂಟೆ. ತಳಿ ಎರಡು ಪಟ್ಟು ಚುರುಕು ಎಂದರೂ ಎಂಟು ಮೂಟೆ. ರಾಗಿ ಬೇರು ಒಸರುವ ಸಿಹಿ, ತಿಪ್ಪೆಗೊಬ್ಬರ ಕೊಳೆಯುವಾಗ ಬಿಡುವ ರಸ, ಅಜೋಟೊಬ್ಯಾಕ್ಟರ್‌ಗೆ ಸಿಗುವ ಸಕ್ಕರೆ ಇಷ್ಟೇ. ಅದರಲ್ಲೂ ಪಾಲು ಕೇಳುವವರು ನೂರಾರು ಜಾತಿಯವರಿದ್ದಾರೆ. ವರ್ಷವರ್ಷವೂ ರಾಗಿ ಹುಲ್ಲು ಹೊತ್ತು ದನಕ್ಕೆ ಹಾಕಿ, ಗೊಬ್ಬರವನ್ನು ತೋಟಕ್ಕೆ ಸಾಗಿಸಿ, ಸಾವಯವ ಅಂಶ ಬರಿದಾದ ಕೆಂಪು ಹೊಲದಲ್ಲಿ ಆ 8 ಕೆಜಿ ಬರುತ್ತದೆಂದು ನಾನು ನಂಬುವುದಿಲ್ಲ. ಅದರ ಸಣ್ಣ ಪಾಲು ಬಂದೀತು.

ಹಾಗಿದ್ದರೂ ಬೆಳೆ ಕೆಲವೊಮ್ಮೆ ಎದ್ದು ಕಾಣುತ್ತದಲ್ಲ, ಏಕೆ? ಅಜೋಟೊಬ್ಯಾಕ್ಟರ್ ಇಂಡೋಲ್ ಅಸಿಟಿಕ್ ಆಮ್ಲ, ಜಿಬ್ಬರೆಲಿನ್‌ನಂಥ ಬೆಳವಣಿಗೆಯ ಚೋದಕಗಳನ್ನೂ ಬಿಡುತ್ತದೆ. ಎಳೆ ಪೈರಿನ ಬೇರು ಹೆಚ್ಚು ಕವಲೊಡೆದು, ಇರುವ ನೀರು-ಗೊಬ್ಬರವನ್ನೇ ಚೆನ್ನಾಗಿ ಹೀರಿಕೊಳ್ಳುತ್ತದೆ. ಲಾಭದ ದೊಡ್ಡ ಪಾಲು ಹಲವು ಕಡೆ ಇದರಿಂದಲೇ ಬರುವುದು. ಆದ್ದರಿಂದ ಪೊಟ್ಟಣ ಹಾಕಿದೆವೆಂದು ಯೂರಿಯಾವನ್ನು ಅರ್ಧಕ್ಕೆ ಇಳಿಸುವುದು ಸಲ್ಲದು. ಮಳೆಯಾಶ್ರಿತ ರಾಗಿಗೆ ಹೇಳುವ ಸಾರಜನಕವೇ ಎಕರೆಗೆ ಸುಮಾರು 20 ಕೆಜಿ. ಕಡಿಮೆ ಮಾಡಲೇಬೇಕೆಂದರೆ ಕಾಲುಭಾಗದ ಆಚೆಗೆ ಹೋಗಬೇಡಿ, ಅದೂ ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದಲ್ಲಿ.

ಇನ್ನೊಂದು ಸಂಗತಿ. ಪಕ್ಕದಲ್ಲೇ ಅಮೋನಿಯಾ ದಂಡಿಯಾಗಿ ಸಿಕ್ಕರೆ ಅಜೋಟೊಬ್ಯಾಕ್ಟರ್ ಸಾರಜನಕ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಕುಳಿತಲ್ಲಿಗೆ ಊಟ ಬಂದರೆ ಒಲೆ ಹಚ್ಚುವವರುಂಟೇ? ಬೀಜದ ಸಾಲಿಗೇ ಯೂರಿಯಾ ಸುರಿದು ಅದರ ಮೇಲೆ ಜೀವಾಣು ಗೊಬ್ಬರ ಹಾಕಿದರೆ ಸಾರಜನಕ ಹಿಡಿಯುವ ಅದರ ಕೆಲಸ ಅಲ್ಲೇ ನಿಂತುಹೋಗುತ್ತದೆ.

ರಾಗಿಯ ವಿಷಯದಲ್ಲಿ ಒಂದು ಮಾತು ಮುಚ್ಚಿಡಬಾರದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲಿ ರಾಗಿ ಬೀಜೋಪಚಾರಕ್ಕೆ ಇರುವುದು ಅಜೋಸ್ಪಿರಿಲ್ಲಂ, ಜೊತೆಗೆ ರಂಜಕ ಕರಗಿಸುವ ಆಸ್ಪರ್ಜಿಲಸ್ ಅವಮೊರಿ ಎಂಬ ಶಿಲೀಂಧ್ರ. ಅಜೋಸ್ಪಿರಿಲ್ಲಂ ಹುಲ್ಲು ಜಾತಿಯ ಬೇರುಗಳಿಗೆ ಇನ್ನೂ ಹತ್ತಿರದ ಸಂಗಾತಿ. ಎರಡರಲ್ಲಿ ಒಂದನ್ನು ಆರಿಸುವ ಅವಕಾಶ ಸಿಕ್ಕರೆ ರಾಗಿಗೆ ಅದನ್ನೇ ತನ್ನಿ, ಅಜೋಟೊಬ್ಯಾಕ್ಟರನ್ನು ಗೊಬ್ಬರ ಚೆನ್ನಾಗಿ ಬೀಳುವ ತರಕಾರಿ ಮಡಿಗೆ ಇಡಿ. ಪೊಟ್ಟಣ ನೋಡಿ ಕೊಳ್ಳುವ ಕ್ರಮ ಎಲ್ಲಕ್ಕೂ ಒಂದೇ.

ಪಿಎಸ್‌ಬಿ ಕತೆ ಬೇರೆ. ಅದು ಏನನ್ನೂ ಹೊರಗಿನಿಂದ ತರುವುದಿಲ್ಲ. ಇದನ್ನು ಹೇಳಲು ನಮ್ಮ ಕಡೆಯ ಹಗೇವಿಗಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆಯುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಹೆಚ್ಚು. ನಾವು ಹಾಕಿದ ಡಿಎಪಿಯ ರಂಜಕದ ಬಹುಪಾಲನ್ನು ಅವು ಹಿಡಿದು ಕಟ್ಟಿಹಾಕುತ್ತವೆ. ಮೊದಲ ಬೆಳೆಗೆ ಐದರಲ್ಲಿ ಒಂದು ಪಾಲು ಸಿಕ್ಕಿದರೆ ಹೆಚ್ಚು. ಉಳಿದದ್ದು ವರ್ಷಗಟ್ಟಲೆ ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ, ಬಾಯಿ ಮುಚ್ಚಿದ ಹಗೇವಿನೊಳಗಿನ ರಾಗಿಯಂತೆ. ಬ್ಯಾಸಿಲಸ್ ಮೆಗಾಟೀರಿಯಂ, ಸ್ಯೂಡೋಮೊನಾಸ್ ಸ್ಟ್ರಯೇಟಾದಂಥ ಬ್ಯಾಕ್ಟೀರಿಯಾಗಳು ಬೇರಿನ ಸಿಹಿ ತಿಂದು ಗ್ಲುಕೋನಿಕ್ ಮುಂತಾದ ಆಮ್ಲಗಳನ್ನು ಹೊರಗೆ ಬಿಡುತ್ತವೆ. ಆ ಆಮ್ಲ ಸುತ್ತಲ ಮಣ್ಣನ್ನು ಹುಳಿ ಮಾಡುತ್ತದೆ, ಲೋಹವನ್ನು ತಾನೇ ತಬ್ಬಿಕೊಂಡು ರಂಜಕವನ್ನು ಬಿಡಿಸುತ್ತದೆ. ಹಗೇವಿನ ಬಾಯಿ ತೆರೆಯುವುದು ಇದೇ. ಒಳಗೆ ರಾಗಿಯೇ ಇಲ್ಲದಿದ್ದರೆ ಬಾಯಿ ತೆರೆದು ಪ್ರಯೋಜನವಿಲ್ಲ. ವರ್ಷಗಳಿಂದ ಡಿಎಪಿ ಕಂಡ ಹೊಲದಲ್ಲಿ ಪಿಎಸ್‌ಬಿಗೆ ಕೆಲಸವಿದೆ, ಎಂದೂ ರಂಜಕ ಕಾಣದ ಬೆದ್ದಲಿನಲ್ಲಿ ಅಷ್ಟಿಲ್ಲ.

ಇಲ್ಲಿ ಪ್ರಯೋಗಶಾಲೆಗೂ ನಮ್ಮ ಹೊಲಕ್ಕೂ ಒಂದು ಅಂತರವಿದೆ. ಪಿಎಸ್‌ಬಿಯನ್ನು ಪರೀಕ್ಷಿಸುವುದು ಪಿಕೋವ್‌ಸ್ಕಯಾ ಮಾಧ್ಯಮ ಎಂಬ ಬಿಳಿ ಮಬ್ಬಿನ ಅಗರ್ ತಟ್ಟೆಯಲ್ಲಿ. ಮಬ್ಬು ಟ್ರೈಕ್ಯಾಲ್ಸಿಯಂ ಫಾಸ್ಫೇಟಿನದು. ಬ್ಯಾಕ್ಟೀರಿಯಾ ಬೆಳೆದ ಸುತ್ತ ಅದು ಕರಗಿ, ಚಂದ್ರನ ಸುತ್ತ ಪರಿವೇಷ ಕಟ್ಟಿದ ಹಾಗೆ ತಿಳಿಯಾದ ಬಳೆ ಮೂಡುತ್ತದೆ. ಬಳೆ ಕನಿಷ್ಠ 5 ಮಿಲಿಮೀಟರ್ ಇರಬೇಕೆಂಬುದು ನಿಯಮ. ಆದರೆ ಅದು ಸುಣ್ಣದ ರಂಜಕ, ಹುಳಿಗೆ ಸಲೀಸಾಗಿ ಕರಗುತ್ತದೆ. ರಾಜಘಟ್ಟದಂಥ ಕಡೆಯ ಕೆಂಪು ಮಣ್ಣಿನಲ್ಲಿ ಹಗೇವಿನ ಬೀಗ ಕಬ್ಬಿಣದ್ದು. ತಟ್ಟೆಯಲ್ಲಿ ದೊಡ್ಡ ಬಳೆ ತೋರಿಸಿದ ತಳಿ ಇಲ್ಲಿ ಅಷ್ಟೇ ಚುರುಕಾಗಿ ಇರಬೇಕೆಂದಿಲ್ಲ. ಪರೀಕ್ಷೆಯಲ್ಲಿ ಪಾಸಾಗಿದೆ ಎಂದರೆ ಆ ಜೀವಿಗೆ ಈ ಶಕ್ತಿ ಇದೆ ಎಂದಷ್ಟೇ ಅರ್ಥ.

ಇನ್ನು ಪೊಟ್ಟಣ ಕೊಳ್ಳುವ ಕೆಲಸ. ಲೇಬಲ್ ಮೇಲೆ ಮೊದಲು ನೋಡಬೇಕಾದದ್ದು ತಯಾರಿಸಿದ ದಿನ, ಮುಗಿಯುವ ದಿನ, ಬ್ಯಾಚ್ ಸಂಖ್ಯೆ, ಜೀವಿಯ ಹೆಸರು, ಗ್ರಾಂಗೆ ಇಷ್ಟು ಕೋಶ ಎಂಬ ಭರವಸೆ. ಪುಡಿಯ ಪೊಟ್ಟಣಕ್ಕೆ ಸಾಮಾನ್ಯವಾಗಿ ಆರು ತಿಂಗಳ ಆಯುಸ್ಸು, ದ್ರವಕ್ಕೆ ಒಂದು ವರ್ಷದಷ್ಟು. ಮುಗಿಯುವ ದಿನ ದೂರವಿದ್ದರೆ ಸಾಲದು. ಜನವರಿಯಲ್ಲಿ ತಯಾರಾದ ಪೊಟ್ಟಣ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಅಂಗಡಿಯಲ್ಲಿ ಕಳೆದು ಜೂನ್ ಕೊನೆಗೆ ನಿಮ್ಮ ಕೈಗೆ ಬಂದರೆ ಕಾಗದದ ಲೆಕ್ಕದಲ್ಲಿ ಅದು ಸರಿಯಾಗಿಯೇ ಇರುತ್ತದೆ. ನಲವತ್ತು ಡಿಗ್ರಿ ಮೀರುವ ಅಟ್ಟದಲ್ಲಿ ಕೋಶಗಳು ದಿನಾಂಕ ನೋಡಿಕೊಂಡು ಸಾಯುವುದಿಲ್ಲ.

ಅದಕ್ಕೇ ಲೇಬಲ್‌ಗಿಂತ ಮೊದಲು ನಾನು ನೋಡುವುದು ಪೊಟ್ಟಣ ಇಟ್ಟ ಜಾಗ. ಒಮ್ಮೆ ಒಂದು ಅಂಗಡಿಯಲ್ಲಿ ಕೇಳಿದಾಗ ಮಾಲೀಕರು ಏಣಿ ಹಾಕಿ ತಗಡಿನ ಸೂರಿಗೆ ತಾಗಿದ ಹಲಗೆಯಿಂದ, ಕಳೆನಾಶಕದ ಡಬ್ಬಗಳ ಹಿಂದಿನಿಂದ ಪೊಟ್ಟಣ ತೆಗೆದುಕೊಟ್ಟರು. ಮುಟ್ಟಿದರೆ ಬೆಚ್ಚಗಿತ್ತು. ದಿನಾಂಕ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿ ಇತ್ತು. ಕೊಂಡೆ. ಆ ವರ್ಷ ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ತಪ್ಪು ಅಂಗಡಿಯದ್ದು ಎಷ್ಟೋ ಬೆಚ್ಚಗಿದ್ದದ್ದು ಗೊತ್ತಿದ್ದೂ ಕೊಂಡ ನನ್ನದೂ ಅಷ್ಟೇ.

ಪೊಟ್ಟಣ ಒಡೆದ ಮೇಲೆ ಕೈಗೆ, ಮೂಗಿಗೆ ಕೆಲಸ. ಪುಡಿಯಲ್ಲಿ ನೂರಕ್ಕೆ 30ರಿಂದ 40 ಭಾಗ ತೇವ ಇರಬೇಕು. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ಒಸರಬಾರದು. ಬೆರಳಿನ ಸಂದಿಯಿಂದ ಬೂದಿಯಂತೆ ಜಾರಿದರೆ ಒಣಗಿದೆ, ಒಣಗಿದಲ್ಲಿ ಜೀವ ಉಳಿಯುವುದು ಕಷ್ಟ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಸರಿ. ಹುಳಿ, ಕೊಳೆತ ನಾತ ಬಂದರೆ ಬೇರೆ ಯಾರೋ ಒಳಗೆ ಮನೆ ಮಾಡಿದ್ದಾರೆ. ಹಸಿರು, ಬಿಳಿ ಬೂಷ್ಟು ಕಂಡರೂ ಅದೇ ಮಾತು. ದ್ರವದ ಬಾಟಲಿ ಉಬ್ಬಿದ್ದರೆ, ಮುಚ್ಚಳ ತೆಗೆದಾಗ ಬುಸ್ಸೆಂದರೆ ಬೇಡ. ತಳದಲ್ಲಿ ಗಸಿ ಇದ್ದು, ಕುಲುಕಿದರೆ ಬೆರೆಯುವುದಾದರೆ ಅದು ದೋಷವಲ್ಲ. ಅಜೋಟೊಬ್ಯಾಕ್ಟರ್ ಬಲಿತ ಮೇಲೆ ತಾನೇ ಕಂದುಬಣ್ಣ ಬಿಡುವ ಜೀವಿ, ಹಾಗಾಗಿ ದ್ರವ ಸ್ವಲ್ಪ ಕಂದಾಗಿದ್ದರೂ ಹೆದರಬೇಕಿಲ್ಲ.

ಇಷ್ಟಾದರೂ ಇವೆಲ್ಲ ಕೆಟ್ಟದ್ದನ್ನು ಹೊರಗಿಡುವ ಪರೀಕ್ಷೆಗಳು, ಒಳ್ಳೆಯದೆಂದು ಸಾರುವವಲ್ಲ. ಕೋಶಗಳನ್ನು ಎಣಿಸಲು ಪ್ರಯೋಗಶಾಲೆಯೇ ಬೇಕು. ಎಣಿಸುವ ರೀತಿ ಗೊತ್ತಿದ್ದರೆ ವರದಿ ಕೈಗೆ ಬಂದಾಗ ಓದಲು ಬರುತ್ತದೆ. 10 ಗ್ರಾಂ ಪುಡಿಯನ್ನು 90 ಮಿಲಿಲೀಟರ್ ಶುದ್ಧೀಕರಿಸಿದ ನೀರಿನಲ್ಲಿ ಕಲಕುತ್ತಾರೆ, ಹತ್ತುಪಟ್ಟು ತೆಳುವಾಯಿತು. ಅದರಿಂದ 1 ಮಿಲಿ ತೆಗೆದು 9 ಮಿಲಿ ನೀರಿಗೆ, ಅದರಿಂದ ಮತ್ತೆ 1 ಮಿಲಿ, ಹೀಗೆ ಆರು ಮೆಟ್ಟಿಲು ಇಳಿದರೆ ಹತ್ತು ಲಕ್ಷ ಪಟ್ಟು ತೆಳು. ಕೊನೆಯದರಲ್ಲಿ 1 ಮಿಲಿ ತಟ್ಟೆಗೆ ಹಾಕಿ ಬೆಚ್ಚಗೆ ಇಡುತ್ತಾರೆ. ಅಜೋಟೊಬ್ಯಾಕ್ಟರ್‌ಗೆ ಸಾರಜನಕವೇ ಇಲ್ಲದ ಮಾಧ್ಯಮ, ಗಾಳಿಯಿಂದ ತಾನೇ ಹಿಡಿದುಕೊಳ್ಳುವವರು ಮಾತ್ರ ಅಲ್ಲಿ ಚೆನ್ನಾಗಿ ಬೆಳೆದಾರು. ಮೂರು ನಾಲ್ಕು ದಿನದಲ್ಲಿ ಒಂದೊಂದು ಕೋಶವೂ ಕಣ್ಣಿಗೆ ಕಾಣುವ ಲೋಳೆಚುಕ್ಕೆಯಾಗುತ್ತದೆ. ತಟ್ಟೆಗಳ ಸರಾಸರಿ 54 ಚುಕ್ಕೆ ಬಂದರೆ ಗ್ರಾಂಗೆ 5.4 ಕೋಟಿ, ಪಾಸು. ಮೂರೇ ಚುಕ್ಕೆ ಬಂದರೆ 30 ಲಕ್ಷದ ಆಸುಪಾಸು, ನಪಾಸು. ಮೂವತ್ತಕ್ಕಿಂತ ಕಡಿಮೆ ಚುಕ್ಕೆಯ ತಟ್ಟೆ ನಂಬಿಕೆಗೆ ಯೋಗ್ಯವಲ್ಲ, ಅಂಥಲ್ಲಿ ಒಂದು ಮೆಟ್ಟಿಲು ಮೇಲಿನ ತಟ್ಟೆ ನೋಡುತ್ತಾರೆ. ಜೊತೆಗೆ ಲಕ್ಷ ಪಟ್ಟು ತೆಳುಮಾಡಿದಾಗ ಅನ್ಯ ಜೀವಿ ಒಂದೂ ಕಾಣಬಾರದು. ವರದಿಯಲ್ಲಿ ಎಣಿಕೆಯಷ್ಟೇ ಮುಖ್ಯವಾದ ಸಾಲು ಇದು. ವಾಹಕ ಪುಡಿಯನ್ನು ಸರಿಯಾಗಿ ಕ್ರಿಮಿಶುದ್ಧಿ ಮಾಡದಿದ್ದರೆ ಮೊದಲ ತಿಂಗಳು ಎಣಿಕೆ ಚೆನ್ನಾಗಿದ್ದು, ಆಮೇಲೆ ಕಳೆಯಂತೆ ಬೆಳೆದ ಇತರರು ನಮ್ಮವರನ್ನು ಮುಗಿಸಿರುತ್ತಾರೆ.

ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೆ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಕೇಳಿ ತಿಳಿಯಲು ಹತ್ತಿರದ ಜಾಗ. ಜಿಕೆವಿಕೆಯಲ್ಲಿ ಕೃಷಿ ಸೂಕ್ಷ್ಮಜೀವಿಶಾಸ್ತ್ರ ವಿಭಾಗವಿದೆ. ಅನುಮಾನದ ಪೊಟ್ಟಣವನ್ನು ಒಡೆಯದೆ, ಬಿಲ್ಲಿನ ಸಮೇತ ರೈತ ಸಂಪರ್ಕ ಕೇಂದ್ರದ ಅಧಿಕಾರಿಗೆ ತೋರಿಸಿ. ಒಡೆದ ಪೊಟ್ಟಣದಿಂದ ಯಾರ ಮೇಲೂ ಏನೂ ಸಾಬೀತಾಗದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಪೊಟ್ಟಣದ್ದಲ್ಲ, ಹೊಲದ್ದು. ರಷ್ಯಾದ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟ ಉಪಾಯ. ಜರಡಿ ಹಿಡಿದ 100 ಗ್ರಾಂ ಹೊಲದ ಮಣ್ಣಿಗೆ 5 ಗ್ರಾಂ ಕಾರ್ನ್‌ಫ್ಲೋರ್ ಬೆರೆಸಿ, ನೀರು ಹಾಕಿ ಚಪಾತಿ ಹಿಟ್ಟಿನಂತೆ ನಾದಿ, ಸಾಸರಿಗೆ ಒತ್ತಿ, ಮೇಲ್ಮೈಯನ್ನು ಒದ್ದೆ ಚಾಕುವಿನಿಂದ ನಯ ಮಾಡಿ. ರಾಗಿ ಹಿಟ್ಟು ಬೇಡ, ಅದರಲ್ಲೇ ಸಾರಜನಕವಿದೆ, ಪರೀಕ್ಷೆ ಕೆಡುತ್ತದೆ. ಗಾಳಿಯಾಡುವಂತೆ ಮುಚ್ಚಿ, ತೇವ ಆರದಂತೆ ನಾಲ್ಕೈದು ದಿನ ಬೆಚ್ಚಗಿಡಿ. ಮೇಲೆ ಹೊಳೆಯುವ ಲೋಳೆ ಹನಿಗಳು ಮೂಡಿ ಕ್ರಮೇಣ ಕಂದಾದರೆ ಅಜೋಟೊಬ್ಯಾಕ್ಟರ್ ಆ ಮಣ್ಣಿನಲ್ಲಿ ಮೊದಲೇ ಇದ್ದು ಬದುಕುತ್ತಿದೆ ಎನ್ನಬಹುದು. ಏನೂ ಬರದಿದ್ದರೆ ಇನ್ನೊಂದು ಸಾಸರಿಗೆ ಎರಡು ಚಿಟಿಕೆ ಮೊಟ್ಟೆಚಿಪ್ಪಿನ ನುಣ್ಣನೆ ಪುಡಿ ಸೇರಿಸಿ ನೋಡಿ. ಚಿಪ್ಪಿನ ಬದಲು ಬರೆಯುವ ಚಾಕ್ ಬೇಡ, ಅದು ಹೆಚ್ಚಾಗಿ ಜಿಪ್ಸಂ, ಹುಳಿ ಕಳೆಯುವುದಿಲ್ಲ. ಚಿಪ್ಪಿನ ಪುಡಿ ಹಾಕಿದ್ದರಲ್ಲಿ ಮಾತ್ರ ಹನಿ ಮೂಡಿದರೆ ಅಡ್ಡಿಯಾಗಿರುವುದು ಹುಳಿ. ರಸಸಾರ 6ರ ಕೆಳಗಿಳಿದ ಮಣ್ಣಿನಲ್ಲಿ ಅಜೋಟೊಬ್ಯಾಕ್ಟರ್ ನೆಮ್ಮದಿಯಾಗಿರದು. ಅಲ್ಲಿ ಪೊಟ್ಟಣಕ್ಕೆ ಮೊದಲು ಕೃಷಿ ಸುಣ್ಣದ ಮಾತಾಡಬೇಕು. ಇದು ಅಂದಾಜಿನ ಪರೀಕ್ಷೆ, ಲೋಳೆ ಕಟ್ಟುವ ಬೇರೆಯವರೂ ಇದ್ದಾರೆ.

ಹಚ್ಚುವ ಕೆಲಸ ಅರ್ಧ ಗಂಟೆಯದು. 25 ಗ್ರಾಂ ಬೆಲ್ಲವನ್ನು ಕಾಲು ಲೀಟರ್ ನೀರಿನಲ್ಲಿ ಕುದಿಸಿ ಪೂರ್ತಿ ಆರಲು ಬಿಡಿ. ಬಿಸಿ ಪಾಕಕ್ಕೆ ಪುಡಿ ಸುರಿದು ಜೀವ ತೆಗೆದವರನ್ನು ಕಂಡಿದ್ದೇನೆ. 5 ಕೆಜಿ ಬೀಜ ಒದ್ದೆಯಾಗುವಷ್ಟು ಮಾತ್ರ ಚಿಮುಕಿಸಿ, ಎರಡೂ ಪುಡಿ 125 ಗ್ರಾಂನಂತೆ ಹಾಕಿ ಕೈಯಾಡಿಸಿ, ನೆರಳಲ್ಲಿ ಗೋಣಿಯ ಮೇಲೆ ಹರವಿ. ರಾಗಿ ಕಾಳು ಸಣ್ಣದಾದ್ದರಿಂದ ಪಾಕ ಹೆಚ್ಚಾದರೆ ಅಂಟಿಕೊಂಡು ಕೂರಿಗೆಯ ಕೊಳವೆಯಲ್ಲಿ ನಿಲ್ಲುತ್ತದೆ, ಆಗ ಜರಡಿ ಹಿಡಿದ ಒಣ ಎರೆಗೊಬ್ಬರ ಉದುರಿಸಿ ಬಿಡಿಸಬಹುದು. ಒಲೆಬೂದಿ ಬೇಡ, ಅದರ ಕ್ಷಾರ ಕೆಟ್ಟದ್ದು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಕೊನೆಗೆ. ಹಚ್ಚಿದ ಬೀಜ ಅದೇ ದಿನ ಮಣ್ಣಿಗೆ ಬೀಳಬೇಕು.

ಬೀಜಕ್ಕೆ ಹಚ್ಚದೆ ಹೊಲಕ್ಕೇ ಎರಚುವವರೂ ಇದ್ದಾರೆ. ಎಕರೆಗೆ 2 ಕೆಜಿ ಪುಡಿಯಲ್ಲಿ 10,000 ಕೋಟಿ ಕೋಶ ಎಂದಿಟ್ಟುಕೊಳ್ಳಿ. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಹರಡಿದರೆ ಗ್ರಾಂ ಮಣ್ಣಿಗೆ ನೂರು ಚಿಲ್ಲರೆ. ಆ ಪುಡಿಯನ್ನೇ ನೂರು ಕೆಜಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ತೇವ ಮಾಡಿ ರಾತ್ರಿಯಿಡೀ ನೆರಳಲ್ಲಿಟ್ಟು ಸಾಲಿನಲ್ಲೇ ಬಿಟ್ಟರೆ ಬೇರಿಗೆ ಸಿಗುವ ಲೆಕ್ಕವೇ ಬೇರೆ.

ಕೊನೆಗೆ ಹೊಲದಲ್ಲೇ ಗೊತ್ತಾಗಬೇಕು. ಎಂಟೆಂಟು ಸಾಲಿನ ಮೂರು ಪಟ್ಟಿ ಬಿಡಿ. ಒಂದಕ್ಕೆ ಏನೂ ಬೇಡ. ಒಂದಕ್ಕೆ ಪೊಟ್ಟಣದ ಪುಡಿ. ಮೂರನೆಯದಕ್ಕೆ ಅದೇ ಪುಡಿಯನ್ನು ಸ್ವಲ್ಪ ನೀರಿನೊಂದಿಗೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಆರಿಸಿ ಹಚ್ಚಿ. ಬೆಲ್ಲದ್ದೋ ಲಿಗ್ನೈಟಿನದೋ ಪರಿಣಾಮವಿದ್ದರೆ ಬೇಯಿಸಿದ ಪಟ್ಟಿಯಲ್ಲೂ ಕಾಣುತ್ತದೆ, ಜೀವದ್ದಾದರೆ ಹಸಿ ಪುಡಿಯ ಪಟ್ಟಿಯಲ್ಲಿ ಮಾತ್ರ. ಈ ಮೂರನ್ನೂ ಹೊಲದ ಬೇರೆಬೇರೆ ಕಡೆ ಮೂರು ಸಲ ಮಾಡಿ, ಏಕೆಂದರೆ ಬದುವಿನ ಪಕ್ಕದ ಸಾಲು ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ತಿಂಗಳಿಗೊಮ್ಮೆ ತೆಂಡೆ ಎಣಿಸಿ ಬರೆದಿಡಿ, ಕೊಯ್ಲಿನಲ್ಲಿ ಒಂಬತ್ತು ಪಟ್ಟಿಯ ತೆನೆಯನ್ನೂ ಬೇರೆಬೇರೆ ಬಡಿದು ತೂಗಿ.